ಅಳಿಸದೆ ತೆಗೆಯುವುದು, ಅಂಟಿಸದೆ ಸೇರಿಸುವುದು: ಜಿಂಪ್‌ನ ಲೇಯರ್ ಮತ್ತು ಮಾಸ್ಕ್

ಪ್ರಶ್ನೆ: ಸರ್, ನಾವು ಪುಣೆಯ ಕೊಥ್ರೂಡ್‌ನಲ್ಲಿರೋದು. ದೀಪಾವಳಿಗೆ ಧಾರವಾಡದಿಂದ ಅತ್ತೆ-ಮಾವ ಬಂದಿದ್ರು, ಶನಿವಾರವಾಡಾ ಕೋಟೆ ತೋರಿಸೋಕೆ ಕರ್ಕೊಂಡು ಹೋಗಿದ್ವಿ. ದಿಲ್ಲಿ ದರವಾಜಾ ಮುಂದೆ ಎರಡು ಫೋಟೊ ತೆಗೆದ್ವಿ. ಒಂದನ್ನ ನಮ್ಮನೆಯವರು ತೆಗೆದದ್ದು, ಅದರಲ್ಲಿ ಅವರಿಲ್ಲ, ನಾನು ಅತ್ತೆ ಪಕ್ಕ ನಿಂತಿದ್ದೀನಿ. ಇನ್ನೊಂದು ನಾನು ತೆಗೆದದ್ದು, ಅದರಲ್ಲಿ ಅವರು ಮಾವನ ಪಕ್ಕ ಇದ್ದಾರೆ, ನಾನಿಲ್ಲ. ನಾಲ್ಕು ಜನಾನೂ ಒಂದೇ ಫೋಟೊದಲ್ಲಿ ಬೇಕು. ಮೊದಲನೆಯದರಲ್ಲಿ ಹಿಂದೆ ಕೆಂಪು ಶರ್ಟಿನ ಯಾರೋ ನಿಂತಿದ್ದಾರೆ. ಎರಡರಲ್ಲೂ ನೆಲದ ಮೇಲೆ ನೀರಿನ ಬಾಟಲಿ ಬಿದ್ದಿದೆ. ಫೋಟೊ ತಿದ್ದೋ ಜಿಂಪ್ ಸಾಫ್ಟ್‌ವೇರ್‌ನಲ್ಲಿ ಇರೇಸರ್ ಹಾಕಿ ಕೆಂಪು ಶರ್ಟ್ ಅಳಿಸಿದೆ, ದೊಡ್ಡ ಬಿಳಿ ಕಲೆ ಆಯ್ತು. ಲೇಯರ್, ಮಾಸ್ಕ್ ಅಂತಾರಲ್ಲ, ಅದನ್ನ ಮೊದಲಿಂದ ಹೇಳಿಕೊಡ್ತೀರಾ? ಮೂಲ ಫೋಟೊ ಹಾಳಾಗಬಾರದು.

ಉತ್ತರ: ಮೊದಲು ಆ ಬಿಳಿ ಕಲೆ ಎಲ್ಲಿಂದ ಬಂತು ಅಂತ ನೋಡೋಣ. ಫೋನಿನ ಜೆಪಿಜಿ ಫೋಟೊದಲ್ಲಿ ಪಾರದರ್ಶಕ ಅನ್ನುವುದೇ ಇರುವುದಿಲ್ಲ. ಪ್ರತಿ ಚುಕ್ಕೆಗೂ ಏನಾದರೊಂದು ಬಣ್ಣ ಇರಲೇಬೇಕು. ಹಾಗಾಗಿ ನೀವು ಇರೇಸರ್ ಉಜ್ಜಿದಾಗ ಜಿಂಪ್ ಅಲ್ಲಿ ಹಿನ್ನೆಲೆ ಬಣ್ಣ ತುಂಬಿತು. ಹಿನ್ನೆಲೆ ಬಣ್ಣ ಸಾಮಾನ್ಯವಾಗಿ ಬಿಳಿಯೇ ಇರುತ್ತದೆ. ಅಂದರೆ ನೀವು ಆ ಮನುಷ್ಯನನ್ನು ತೆಗೆಯಲಿಲ್ಲ, ಅವನ ಮೇಲೆ ಸುಣ್ಣ ಬಳಿದಿರಿ. ಅವನ ಹಿಂದಿದ್ದ ಕಲ್ಲಿನ ಗೋಡೆ ಆ ಫೋಟೊದಲ್ಲಿ ಇಲ್ಲವೇ ಇಲ್ಲ. ಎಷ್ಟು ಉಜ್ಜಿದರೂ ಅದು ಕಾಣುವುದಿಲ್ಲ.

ಒಂದು ಸಮಾಧಾನದ ವಿಷಯ ಇದೆ. ಜಿಂಪ್‌ನಲ್ಲಿ Ctrl+S ಒತ್ತಿದರೆ ಅದು ನಿಮ್ಮ ಜೆಪಿಜಿಯನ್ನು ಮುಟ್ಟುವುದಿಲ್ಲ. ತನ್ನದೇ ಬೇರೆ ಫೈಲ್ ಮಾಡುತ್ತದೆ, ಅದರ ಕೊನೆಗೆ `.xcf` ಅಂತ ಇರುತ್ತದೆ. ನೀವು File ಮೆನುವಿನಲ್ಲಿ Overwrite ಒತ್ತಿಲ್ಲ, ಅದೇ ಹೆಸರಿಗೆ Export ಮಾಡಿಲ್ಲ ಅಂದರೆ ನಿಮ್ಮ ಫೋನಿನ ಫೋಟೊ ಹಾಗೇ ಇದೆ. ಹೋಗಿ ಒಮ್ಮೆ ನೋಡಿ, ಆಮೇಲೆ ಮುಂದೆ ಓದಿ.

ಇನ್ನು ನೀವು ಕೇಳಿದ ಎರಡು ಕೆಲಸ, ಒಬ್ಬರನ್ನು ಸೇರಿಸುವುದು ಮತ್ತು ಒಬ್ಬರನ್ನು ತೆಗೆಯುವುದು. ಇವು ಬೇರೆ ಬೇರೆ ಅಂತ ಅನ್ನಿಸುತ್ತದೆ, ಅಲ್ವಾ? ಜಿಂಪ್‌ಗೆ ಎರಡೂ ಒಂದೇ. ಎರಡು ಫೋಟೊಗಳನ್ನು ಒಂದರ ಮೇಲೊಂದು ಇಟ್ಟರೆ, ಚಿತ್ರದ ಪ್ರತಿ ಜಾಗದಲ್ಲೂ ಪ್ರಶ್ನೆ ಒಂದೇ: ಇಲ್ಲಿ ಮೇಲಿನದು ಕಾಣಬೇಕೋ, ಕೆಳಗಿನದೋ? ಮಾವನ ಪಕ್ಕದ ಜಾಗದಲ್ಲಿ ಮೇಲಿನದು ಕಂಡರೆ ನಿಮ್ಮ ಮನೆಯವರು ಬಂದರು. ಕೆಂಪು ಶರ್ಟಿನ ಜಾಗದಲ್ಲಿ ಮೇಲಿನದು ಕಂಡರೆ ಆತ ಹೋದ, ಖಾಲಿ ಗೋಡೆ ಬಂತು. ಯಾವುದನ್ನೂ ಅಳಿಸಿಲ್ಲ, ಯಾವುದನ್ನೂ ಅಂಟಿಸಿಲ್ಲ. ಯಾವುದು ಕಾಣಬೇಕು ಅಂತ ಹೇಳಿದ್ದೀವಿ, ಅಷ್ಟೇ. ಹಾಗೆ ಹೇಳುವ ಸಾಧನವೇ ಲೇಯರ್ ಮಾಸ್ಕ್.

ಲೇಯರ್ ಅಂದರೆ ಒಂದು ಹಾಳೆ. ಮಾಸ್ಕ್ ಅರ್ಥ ಆಗಬೇಕಾದರೆ ತುಳಶಿಬಾಗ್‌ನಲ್ಲಿ ಸಿಗುವ ರಂಗೋಲಿ ಅಚ್ಚು ನೆನಪು ಮಾಡಿಕೊಳ್ಳಿ. ತೂತು ಇರುವಲ್ಲಿ ಪುಡಿ ನೆಲಕ್ಕೆ ಇಳಿಯುತ್ತದೆ. ತೂತು ಇಲ್ಲದ ಕಡೆ ಬರೀ ನೆಲ ಕಾಣುತ್ತದೆ. ಮೇಲಿನ ಫೋಟೊ ಪುಡಿ, ಕೆಳಗಿನ ಫೋಟೊ ನೆಲ, ಮಾಸ್ಕ್ ಅಚ್ಚು. ಮಾಸ್ಕ್‌ನಲ್ಲಿ ಬಿಳಿ ಇರುವ ಕಡೆ ತೂತು, ಕಪ್ಪು ಇರುವ ಕಡೆ ಮುಚ್ಚಿದೆ. ಬೂದು ಬಣ್ಣ ಇದ್ದರೆ ಅರ್ಧಂಬರ್ಧ ಇಳಿಯುತ್ತದೆ. ವ್ಯತ್ಯಾಸ ಒಂದೇ. ಈ ಅಚ್ಚಿನ ತೂತುಗಳನ್ನು ನೀವು ನಾಳೆ, ಮುಂದಿನ ತಿಂಗಳು, ಯಾವಾಗ ಬೇಕಾದರೂ ತೆರೆಯಬಹುದು, ಮುಚ್ಚಬಹುದು. ಬಣ್ಣ ಬಳಿಯುವುದು ಅಚ್ಚಿಗೆ, ಫೋಟೊಗಲ್ಲ.

ಇದರ ಬೆಲೆ ನನಗೆ ಕೆಲಸದಲ್ಲೇ ಗೊತ್ತಾಯಿತು. ಪುಣೆಗೆ ಬಂದ ಹೊಸದರಲ್ಲಿ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡುತ್ತಿದ್ದೆ. ಧಾರೆಯ ಫೋಟೊದಲ್ಲಿ ಮಂಟಪದ ಕಂಬದ ಹತ್ತಿರ ಒಬ್ಬರು ಅರ್ಧ ಕಾಣುತ್ತಿದ್ದರು. ಚೆನ್ನಾಗಿ ಕಾಣಲ್ಲ ಅಂತ ಅವರನ್ನು ಅಳಿಸಿ, ಕಂಬ ತುಂಬಿ, ಅದೇ ಫೈಲಿಗೆ ಸೇವ್ ಮಾಡಿದೆ. ಆಲ್ಬಂ ನೋಡಿದ ಹುಡುಗಿಯ ತಾಯಿ ಕೇಳಿದ ಮೊದಲ ಮಾತು, "ನಮ್ಮಣ್ಣ ಇಲ್ಲೇ ನಿಂತಿದ್ರಲ್ಲ?" ಹುಡುಗಿಯ ಸೋದರಮಾವ. ಕ್ಯಾಮೆರಾದ ಕಾರ್ಡಿನಲ್ಲಿ ಅಷ್ಟರಲ್ಲಿ ಬೇರೆ ಮದುವೆ ತುಂಬಿತ್ತು. ಆ ಫೋಟೊ ಮತ್ತೆ ಬರಲಿಲ್ಲ. ಆ ತಾಯಿ ಏನೂ ಬೈಯಲಿಲ್ಲ, ಆಲ್ಬಂ ಮುಚ್ಚಿ ಕೈಯಲ್ಲಿಟ್ಟುಕೊಂಡು ಕೂತರು. ಅವತ್ತಿನಿಂದ ಫೋಟೊದ ಮೇಲೆ ನೇರವಾಗಿ ಇರೇಸರ್ ಹಾಕಿಲ್ಲ.

"Ctrl+Z ಇದೆಯಲ್ಲ" ಅಂತ ನೀವು ಕೇಳಬಹುದು. ಜಿಂಪ್ ಮುಚ್ಚಿದ ಕೂಡಲೇ ಆ ಪಟ್ಟಿ ಹೋಗುತ್ತದೆ. `.xcf` ಫೈಲಿನಲ್ಲೂ ಅದು ಉಳಿಯುವುದಿಲ್ಲ. ಮಾಸ್ಕ್ ಮಾತ್ರ ಉಳಿಯುತ್ತದೆ.

ಈಗ ನಿಮ್ಮ ಫೋಟೊಗೆ ಬರೋಣ.

ಕೆಳಗಿನ ಹಾಳೆ ಯಾವುದಾಗಬೇಕು ಅಂತ ಮೊದಲು ನಿರ್ಧರಿಸಿ. ಅತ್ತೆ-ಮಾವನ ಮುಖ ಯಾವುದರಲ್ಲಿ ಚೆನ್ನಾಗಿ ಬಂದಿದೆಯೋ, ಕಣ್ಣು ತೆರೆದಿದೆಯೋ, ಅದು ಕೆಳಗಿರಲಿ. ನಾನು ಈಗ ನಿಮ್ಮ ಮನೆಯವರು ತೆಗೆದದ್ದು, ಅಂದರೆ ನೀವು ಇರುವುದು, ಕೆಳಗಿದೆ ಅಂತ ಇಟ್ಟುಕೊಂಡು ಹೇಳುತ್ತೇನೆ. ಅದನ್ನು ಜಿಂಪ್‌ನಲ್ಲಿ ತೆರೆಯಿರಿ. ಆಮೇಲೆ File ಮೆನುವಿನಲ್ಲಿ Open as Layers ಒತ್ತಿ, ಇಲ್ಲವೇ Ctrl+Alt+O, ಎರಡನೆಯ ಫೋಟೊ ಆರಿಸಿ. ಅದು ಮೊದಲನೆಯದರ ಮೇಲೆ ಹಾಳೆಯಾಗಿ ಕೂರುತ್ತದೆ. ಬಲಗಡೆ ಲೇಯರ್‌ಗಳ ಪಟ್ಟಿ ಇರುತ್ತದೆ. ಕಾಣದಿದ್ದರೆ Ctrl+L ಒತ್ತಿ. ಪಟ್ಟಿಯಲ್ಲಿ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ ಹೆಸರು ಬದಲಿಸಿ, ಕೆಳಗಿನದಕ್ಕೆ "ನಾನು", ಮೇಲಿನದಕ್ಕೆ "ಅವರು" ಅಂತ ಇಡಿ. ಸಣ್ಣ ಕೆಲಸ, ಆದರೆ ಮೂರು ಲೇಯರ್ ಆದಮೇಲೆ ಹೆಸರಿಲ್ಲದಿದ್ದರೆ ತಲೆ ಕೆಡುತ್ತದೆ. ಈಗಲೇ Ctrl+S ಒತ್ತಿ `shaniwarwada.xcf` ಅಂತ ಉಳಿಸಿಬಿಡಿ.

ಮುಂದಿನದು ಎರಡನ್ನೂ ಹೊಂದಿಸುವುದು. ಹೊಸಬರು ಈ ಹೆಜ್ಜೆಯನ್ನು ಹಾರಿಸಿ ನೇರ ಮಾಸ್ಕ್‌ಗೆ ಹೋಗುತ್ತಾರೆ, ಆಮೇಲೆ ಮಾಸ್ಕ್ ಸರಿ ಇಲ್ಲ ಅಂತ ಬೇಜಾರಾಗುತ್ತಾರೆ. ಫೋನ್ ಕೈ ಬದಲಾಯಿಸಿದೆ. ನಿಮ್ಮ ಎತ್ತರ ಬೇರೆ, ಅವರ ಎತ್ತರ ಬೇರೆ. ಎರಡು ಫೋಟೊ ಅಷ್ಟಿಷ್ಟಾದರೂ ಸರಿದಿರುತ್ತವೆ. ಮೇಲಿನ ಲೇಯರ್ ಆರಿಸಿ, ಪಟ್ಟಿಯ ಮೇಲ್ಭಾಗದಲ್ಲಿರುವ Mode ಅನ್ನು Normal ಬದಲು Difference ಮಾಡಿ. ಚಿತ್ರ ಕಪ್ಪಾಗಿ ವಿಚಿತ್ರವಾಗಿ ಕಾಣುತ್ತದೆ, ಗಾಬರಿ ಬೇಡ. ಎರಡೂ ಫೋಟೊ ಒಂದೇ ಥರ ಇರುವ ಕಡೆ ಪೂರ್ತಿ ಕಪ್ಪು, ವ್ಯತ್ಯಾಸ ಇರುವ ಕಡೆ ಬೆಳಕು. ದರವಾಜಾದ ಬಾಗಿಲ ಮೇಲೆ ಆನೆಗಳನ್ನು ತಡೆಯಲು ಹಾಕಿದ ಉದ್ದನೆಯ ಚೂಪು ಮೊಳೆಗಳಿವೆಯಲ್ಲ, ನಿಮ್ಮ ಫೋಟೊದಲ್ಲಿ ಅವು ಬಂದಿದ್ದರೆ ತುಂಬಾ ಒಳ್ಳೆಯ ಗುರುತು. ಹೊಂದದೆ ಇದ್ದಾಗ ಪ್ರತಿ ಮೊಳೆಯೂ ಜೋಡಿ ಜೋಡಿಯಾಗಿ ಹೊಳೆಯುತ್ತದೆ. M ಒತ್ತಿ ಮೂವ್ ಟೂಲ್ ತೆಗೆದುಕೊಳ್ಳಿ. ಅದರ ಆಯ್ಕೆಗಳಲ್ಲಿ Move the active layer ಅನ್ನುವುದನ್ನೇ ಆರಿಸಿ. ಇಲ್ಲದಿದ್ದರೆ ನೀವು ಎಲ್ಲಿ ಮುಟ್ಟಿದಿರೋ ಆ ಲೇಯರ್ ಸರಿಯುತ್ತದೆ. ಬಾಣದ ಕೀಲಿಗಳಿಂದ ಒಂದೊಂದೇ ಚುಕ್ಕೆ ಸರಿಸುತ್ತಾ ಹೋಗಿ. ಜೋಡಿಗಳು ಒಂದಾಗಿ ಕಪ್ಪಿನಲ್ಲಿ ಕರಗುತ್ತವೆ.

ಎಲ್ಲ ಕಡೆ ಒಟ್ಟಿಗೆ ಕರಗುವುದಿಲ್ಲ. ಇದು ನಿಮ್ಮ ತಪ್ಪಲ್ಲ. ಫೋನ್ ಹಿಡಿದ ಜಾಗ ಒಂದು ಗೇಣು ಬದಲಾದರೂ ಹತ್ತಿರದ ವಸ್ತುಗಳು ಜಾಸ್ತಿ ಸರಿಯುತ್ತವೆ, ದೂರದ ಗೋಡೆ ಕಮ್ಮಿ ಸರಿಯುತ್ತದೆ. ಗೋಡೆ ಹೊಂದಿಸಿದರೆ ಕಾಲ ಬುಡದ ನೆಲ ಹೊಂದುವುದಿಲ್ಲ. ಹಾಗಾದರೆ ಯಾವುದನ್ನು ಹೊಂದಿಸಬೇಕು? ಎರಡು ಫೋಟೊಗಳ ಗಡಿ ಎಲ್ಲಿ ಹಾಯುತ್ತದೋ ಅಲ್ಲಿ. ನಿಮ್ಮದರಲ್ಲಿ ಗಡಿ ಮಾವನ ಪಕ್ಕದಲ್ಲಿ, ಅವರ ಹಿಂದಿನ ಗೋಡೆಯ ಮೇಲೆ ಮತ್ತು ಕಾಲ ಹತ್ತಿರದ ಹಾಸುಗಲ್ಲಿನ ಮೇಲೆ ಹಾಯುತ್ತದೆ. ಆ ಪಟ್ಟಿ ಹೊಂದಿದರೆ ಸಾಕು. ಆಚೆ ತುದಿ ಹೊಂದದಿದ್ದರೂ ಪರವಾಗಿಲ್ಲ, ಅಲ್ಲಿ ಮೇಲಿನ ಹಾಳೆ ಕಾಣುವುದೇ ಇಲ್ಲ.

ಫೋಟೊ ಸ್ವಲ್ಪ ಓರೆಯಾಗಿದ್ದರೆ Shift+R ಒತ್ತಿ ತಿರುಗಿಸಿ. ಆದರೆ ಒಂದೇ ಸಲ ತಿರುಗಿಸಿ. ಪ್ರತಿ ಸಲ ತಿರುಗಿಸಿದಾಗಲೂ ಚಿತ್ರ ಒಂಚೂರು ಮಸುಕಾಗುತ್ತದೆ. ಸರಿಯಾಗದಿದ್ದರೆ Ctrl+Z ಮಾಡಿ ಮೊದಲಿನಿಂದ ತಿರುಗಿಸಿ, ತಿರುಗಿಸಿದ್ದನ್ನೇ ಮತ್ತೆ ತಿರುಗಿಸಬೇಡಿ. ಹೊಂದಿದ ಮೇಲೆ Mode ಮತ್ತೆ Normal ಮಾಡುವುದನ್ನು ಮರೆಯಬೇಡಿ.

ಈಗ ಮಾಸ್ಕ್. "ಅವರು" ಲೇಯರ್ ಆರಿಸಿ, Layer ಮೆನುವಿನಲ್ಲಿ Mask ಒಳಗೆ Add Layer Mask ಒತ್ತಿ. ಒಂದು ಪೆಟ್ಟಿಗೆ ತೆರೆಯುತ್ತದೆ, ಮಾಸ್ಕ್ ಯಾವುದರಿಂದ ಶುರುವಾಗಲಿ ಅಂತ ಕೇಳುತ್ತದೆ. White (full opacity) ಆರಿಸಿದರೆ ಅಚ್ಚಿನಲ್ಲಿ ಎಲ್ಲ ತೂತು ತೆರೆದಿರುತ್ತದೆ. Black (full transparency) ಆರಿಸಿದರೆ ಎಲ್ಲ ಮುಚ್ಚಿರುತ್ತದೆ. ನಮಗೆ ಮೇಲಿನ ಫೋಟೊದಿಂದ ಬೇಕಾದದ್ದು ಸ್ವಲ್ಪ, ಹಾಗಾಗಿ Black. ಒತ್ತಿದ ಕೂಡಲೇ ನಿಮ್ಮ ಮನೆಯವರು ಮಾಯ ಆಗುತ್ತಾರೆ, ಕೆಳಗಿನ ಫೋಟೊ ಮಾತ್ರ ಕಾಣುತ್ತದೆ. ಪಟ್ಟಿಯಲ್ಲಿ ಲೇಯರಿನ ಪುಟ್ಟ ಚಿತ್ರದ ಪಕ್ಕ ಒಂದು ಕಪ್ಪು ಚೌಕ ಬಂದಿರುತ್ತದೆ. ಅದೇ ಮಾಸ್ಕ್.

ಆ ಕಪ್ಪು ಚೌಕದ ಮೇಲೆ ಒಮ್ಮೆ ಕ್ಲಿಕ್ ಮಾಡಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಯಾಕೆಂದರೆ ಹೊಸಬರ ಹತ್ತು ತೊಂದರೆಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುತ್ತವೆ. ಒಂದೇ ಸಾಲಿನಲ್ಲಿ ಎರಡು ಪುಟ್ಟ ಚಿತ್ರ ಇದೆ: ಎಡಗಡೆ ಫೋಟೊ, ಬಲಗಡೆ ಮಾಸ್ಕ್. ನೀವು ಕೊನೆಗೆ ಮುಟ್ಟಿದ್ದು ಯಾವುದೋ, ನಿಮ್ಮ ಬ್ರಷ್ ಅದರ ಮೇಲೆ ಹೋಗುತ್ತದೆ. ಫೋಟೊ ಆರಿಸಿಕೊಂಡು ಬಿಳಿ ಬಳಿದರೆ ಫೋಟೊದ ಮೇಲೇ ಬಿಳಿ ಬಣ್ಣ ಬೀಳುತ್ತದೆ, ಮತ್ತೆ ಸುಣ್ಣದ ಕಥೆ. ಮಾಸ್ಕ್ ಕಪ್ಪಾಗಿದ್ದರೆ ಅದು ತಕ್ಷಣ ಕಾಣುವುದೂ ಇಲ್ಲ, ಹಿಂದೆ ಹಾಳಾಗುತ್ತಾ ಇರುತ್ತದೆ. ಗುರುತು ಹೀಗಿದೆ: ಚಿತ್ರದ ಸುತ್ತ ಇರುವ ಚುಕ್ಕೆ ಗೆರೆ ನೋಡಿ. ಲೇಯರ್ ಆರಿಸಿದಾಗ ಅದು ಹಳದಿ, ಮಾಸ್ಕ್ ಆರಿಸಿದಾಗ ಹಸಿರು. ಹಸಿರು ಇದ್ದರೆ ಧೈರ್ಯವಾಗಿ ಬಳಿಯಿರಿ.

P ಒತ್ತಿ ಬ್ರಷ್ ತೆಗೆದುಕೊಳ್ಳಿ. D ಒತ್ತಿ, ಬಣ್ಣಗಳು ಕಪ್ಪು-ಬಿಳಿ ಆಗುತ್ತವೆ. X ಒತ್ತಿದರೆ ಎರಡೂ ಅದಲುಬದಲು. ಮುನ್ನೆಲೆ ಬಣ್ಣ ಬಿಳಿ ಇರಲಿ. ಬ್ರಷ್‌ಗಳಲ್ಲಿ `2. Hardness 050` ಆರಿಸಿ, ಅದರ ಅಂಚು ಮೆತ್ತಗಿರುತ್ತದೆ. ಗಾತ್ರ ನಿಮ್ಮ ಮನೆಯವರ ಮುಖದಷ್ಟು ಇರಲಿ. ಚೌಕ ಬ್ರಾಕೆಟ್ ಕೀಲಿಗಳಿಂದ ಗಾತ್ರ ಹೆಚ್ಚು-ಕಮ್ಮಿ ಮಾಡಬಹುದು. ಈಗ ಮಾವನ ಪಕ್ಕದ ಖಾಲಿ ಜಾಗದಲ್ಲಿ ಬಳಿಯಿರಿ. ಅಚ್ಚಿನಲ್ಲಿ ತೂತು ತೆರೆಯುತ್ತಾ ಹೋದಂತೆ ನಿಮ್ಮ ಮನೆಯವರ ಶರ್ಟು, ಮುಖ, ಕೈ ಒಂದೊಂದಾಗಿ ಕಾಣಿಸಿಕೊಳ್ಳುತ್ತದೆ. ಮೊದಲ ಸಲ ಇದನ್ನು ನೋಡುವುದು ತುಂಬಾ ಖುಷಿ ಕೊಡುತ್ತದೆ.

ಅವರ ಮೈಗೆ ಸರಿಯಾಗಿ ಅಂಚು ಕತ್ತರಿಸಲು ಹೋಗಬೇಡಿ. ಅದರ ಅಗತ್ಯವೇ ಇಲ್ಲ. ಸುತ್ತಲಿನ ಗೋಡೆಯೂ ಅವರ ಜೊತೆ ಬರಲಿ, ಎರಡು ಫೋಟೊದಲ್ಲೂ ಅದೇ ಗೋಡೆ ತಾನೆ? ಕೂದಲ ಅಂಚಿನಲ್ಲಿ ಬ್ರಷ್ ಇಟ್ಟು ಒದ್ದಾಡುವ ಬದಲು ಒಂದು ಅಡಿ ಹೊರಗೆ, ಖಾಲಿ ಕಲ್ಲಿನ ಮೇಲೆ ಗಡಿ ಹಾಕಿದರೆ ಯಾರಿಗೂ ಗೊತ್ತಾಗುವುದಿಲ್ಲ. ಎರಡು ಫೋಟೊ ಹೊಂದಿಸಲು ಅಷ್ಟು ಹೊತ್ತು ಕೂತದ್ದು ಇದಕ್ಕೇ.

ಮಾವನ ಕಡೆಯ ಅಂಚು ಮಾತ್ರ ಇಕ್ಕಟ್ಟು. ಇಬ್ಬರ ನಡುವೆ ಒಂದಿಷ್ಟು ಜಾಗ ಇದ್ದರೆ ಗಡಿ ಅಲ್ಲಿ ಹಾಯಲಿ. ಅಲ್ಲಿ ಬ್ರಷ್ ಚಿಕ್ಕದು ಮಾಡಿ, `2. Hardness 075` ತೆಗೆದುಕೊಳ್ಳಿ. ಜಾಸ್ತಿ ಹೋಯಿತು ಅಂದರೆ, ಮಾವನಿಗೆ ಎರಡು ತೋಳು ಕಂಡಿತು ಅಂದರೆ, X ಒತ್ತಿ ಕಪ್ಪು ಬಳಿಯಿರಿ, ಸರಿಹೋಗುತ್ತದೆ. ಬಿಳಿ, ಕಪ್ಪು, ಬಿಳಿ, ಕಪ್ಪು, ಹೀಗೆ ಎಷ್ಟು ಸಲ ಹೋಗಿ ಬಂದರೂ ಫೋಟೊ ಸವೆಯುವುದಿಲ್ಲ.

ಆದರೆ ನಿಮ್ಮ ಮನೆಯವರು ಮಾವನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದರೆ? ಆಗ ಗಡಿಯನ್ನು ಇಬ್ಬರ ನಡುವೆ ಹಾಕಲು ಆಗುವುದಿಲ್ಲ, ಕೈ ಮಣಿಕಟ್ಟಿನಲ್ಲಿ ತುಂಡಾಗುತ್ತದೆ. ಆಗ ಮಾವನನ್ನೂ ಮೇಲಿನ ಫೋಟೊದಿಂದಲೇ ತನ್ನಿ. ಗಡಿ ಅತ್ತೆ-ಮಾವನ ನಡುವೆ ಹಾಯಲಿ. ಅಲ್ಲೂ ಜಾಗ ಇಲ್ಲ ಅಂದರೆ ಮೂವರನ್ನೂ ಮೇಲಿನದರಿಂದ ತಂದು, ನಿಮ್ಮನ್ನು ಮಾತ್ರ ಕೆಳಗಿನದರಿಂದ ಉಳಿಸಿಕೊಳ್ಳಿ. ಗಡಿ ಯಾವಾಗಲೂ ಖಾಲಿ ಜಾಗ ಹುಡುಕಿಕೊಂಡು ಹೋಗಬೇಕು, ಮನುಷ್ಯರ ಮೇಲೆ ಹಾಯಬಾರದು.

ಕಾಲ ಬುಡ ಮರೆಯಬೇಡಿ. ದಿಲ್ಲಿ ದರವಾಜಾ ಉತ್ತರಕ್ಕೆ ಮುಖ ಮಾಡಿದೆ. ದೀಪಾವಳಿ ಹೊತ್ತಿಗೆ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ, ಗೋಡೆಯ ಹತ್ತಿರ ನಿಂತವರು ನೆರಳಲ್ಲೇ ಇರುತ್ತಾರೆ. ಉದ್ದನೆಯ ನೆರಳು ಬಿದ್ದಿರಲಿಕ್ಕಿಲ್ಲ. ಆದರೆ ಚಪ್ಪಲಿಯ ಸುತ್ತ ನೆಲ ಒಂದಿಷ್ಟು ಕಪ್ಪಾಗಿರುತ್ತದೆ. ಅದನ್ನೂ ಮಾಸ್ಕ್‌ನಲ್ಲಿ ಸೇರಿಸಿಕೊಳ್ಳಿ. ಇಲ್ಲದಿದ್ದರೆ ಅವರು ನೆಲದ ಮೇಲೆ ನಿಂತಂತೆ ಕಾಣುವುದಿಲ್ಲ, ತೇಲಿದಂತೆ ಕಾಣುತ್ತಾರೆ. ನೋಡಿದವರಿಗೆ ಏನು ತಪ್ಪು ಅಂತ ಹೇಳಲು ಬರುವುದಿಲ್ಲ, ಆದರೆ ಏನೋ ತಪ್ಪಿದೆ ಅಂತ ಅನ್ನಿಸುತ್ತದೆ.

ಈಗ ಕೆಂಪು ಶರ್ಟಿನವರು. ಅದೇ ಮಾಸ್ಕ್, ಅದೇ ಬಿಳಿ ಬ್ರಷ್. ಅವರು ಕೆಳಗಿನ ಫೋಟೊದಲ್ಲಿದ್ದಾರೆ, ಮೇಲಿನದರಲ್ಲಿ ಅದೇ ಜಾಗದಲ್ಲಿ ಖಾಲಿ ಗೋಡೆ ಇದೆ. ಅವರ ಮೇಲೆ ಬಳಿಯಿರಿ, ಗೋಡೆ ಬಂದು ಕೂರುತ್ತದೆ. ನಿಜವಾದ ಗೋಡೆ, ಅದೇ ದಿನದ್ದು, ಅದೇ ಬೆಳಕಿನದು. ಯಾವ ಟೂಲಿನಿಂದಲೂ ಇಷ್ಟು ಚೆನ್ನಾಗಿ ತುಂಬಲು ಆಗುವುದಿಲ್ಲ. ಅದಕ್ಕೇ ನಾನು ಗೆಳೆಯರಿಗೆಲ್ಲ ಹೇಳುವುದು, ಜನ ಓಡಾಡುವ ಜಾಗದಲ್ಲಿ ಒಂದೇ ಕಡೆ ನಿಂತು ನಾಲ್ಕೈದು ಫೋಟೊ ತೆಗೆಯಿರಿ ಅಂತ. ಒಂದರಲ್ಲಿ ಅಡ್ಡ ಬಂದವರು ಇನ್ನೊಂದರಲ್ಲಿ ಸರಿದಿರುತ್ತಾರೆ. ಆ ಕೆಂಪು ಶರ್ಟಿನವರು ಅತ್ತೆಯ ಹೆಗಲ ಹಿಂದೆ ಅರ್ಧ ಮರೆಯಾಗಿದ್ದರೆ ಮಾತ್ರ ನಿಧಾನ. ಮೇಲಿನ ಫೋಟೊದಲ್ಲಿ ಅತ್ತೆ ಒಂಚೂರು ಆಚೀಚೆ ನಿಂತಿರುತ್ತಾರೆ, ಅವರ ಸೆರಗಿನ ಅಂಚಿನ ತನಕ ಸಣ್ಣ ಬ್ರಷ್‌ನಲ್ಲಿ ಹೋಗಿ ನಿಲ್ಲಿಸಿ.

ಬಳಿದಾದ ಮೇಲೆ ಒಂದು ಪರೀಕ್ಷೆ ಮಾಡಿ. Alt ಹಿಡಿದು ಮಾಸ್ಕ್ ಚೌಕದ ಮೇಲೆ ಕ್ಲಿಕ್ ಮಾಡಿ. ಫೋಟೊ ಮರೆಯಾಗಿ ಮಾಸ್ಕ್ ಒಂದೇ ಕಪ್ಪು-ಬಿಳುಪಿನಲ್ಲಿ ಕಾಣುತ್ತದೆ. ಬಿಳಿಯ ನಡುವೆ ಬೂದು ಚುಕ್ಕೆಗಳು ಉಳಿದಿದ್ದರೆ ಅಲ್ಲಿ ನಿಮ್ಮ ಮನೆಯವರ ಶರ್ಟಿನೊಳಗಿಂದ ಗೋಡೆ ಇಣುಕುತ್ತಿದೆ ಅಂತ ಅರ್ಥ. ಫೋಟೊ ನೋಡುವಾಗ ಇದು ಕಣ್ಣಿಗೆ ಬೀಳುವುದಿಲ್ಲ, ಪ್ರಿಂಟ್ ಹಾಕಿಸಿದ ಮೇಲೆ ಬೀಳುತ್ತದೆ. ಅಲ್ಲೇ ಬಿಳಿ ಬಳಿದು ತುಂಬಿ, ಮತ್ತೆ Alt ಹಿಡಿದು ಕ್ಲಿಕ್ ಮಾಡಿದರೆ ಫೋಟೊ ವಾಪಸ್ ಬರುತ್ತದೆ. Ctrl ಹಿಡಿದು ಕ್ಲಿಕ್ ಮಾಡಿದರೆ ಬೇರೆ ಕೆಲಸ ಆಗುತ್ತದೆ, ಮಾಸ್ಕ್ ತಾತ್ಕಾಲಿಕವಾಗಿ ನಿಲ್ಲುತ್ತದೆ, ಚೌಕದ ಸುತ್ತ ಕೆಂಪು ಗೆರೆ ಬರುತ್ತದೆ. ಅಕಸ್ಮಾತ್ ಹಾಗಾಗಿ ಪೂರ್ತಿ ಮೇಲಿನ ಫೋಟೊ ಕಂಡರೆ ಹೆದರಬೇಡಿ, ಮತ್ತೊಮ್ಮೆ Ctrl ಕ್ಲಿಕ್ ಮಾಡಿ.

ಬಳಿದರೂ ಏನೂ ಆಗುತ್ತಿಲ್ಲ ಅಂದರೆ ಎಲ್ಲೋ ಒಂದು ಸೆಲೆಕ್ಷನ್ ಉಳಿದಿರಬಹುದು. ಅದರ ಹೊರಗೆ ಬ್ರಷ್ ಕೆಲಸ ಮಾಡುವುದಿಲ್ಲ. Shift+Ctrl+A ಒತ್ತಿ ಅದನ್ನು ತೆಗೆಯಿರಿ.

ಸೇರಿಸಿದ ಭಾಗದ ಬೆಳಕು ಸ್ವಲ್ಪ ಬೇರೆ ಕಾಣಬಹುದು. ಫೋನ್ ಪ್ರತಿ ಸಲ ತಾನೇ ಬೆಳಕು ಲೆಕ್ಕ ಹಾಕುತ್ತದೆ, ಎದುರಿಗೆ ಬಿಳಿ ಪಂಚೆ ಇದ್ದರೆ ಒಂದು ಲೆಕ್ಕ, ಕಪ್ಪು ಸೀರೆ ಇದ್ದರೆ ಇನ್ನೊಂದು. ಹಾಗಿದ್ದರೆ ಮಾಸ್ಕ್ ಅಲ್ಲ, ಫೋಟೊದ ಪುಟ್ಟ ಚಿತ್ರದ ಮೇಲೆ ಕ್ಲಿಕ್ ಮಾಡಿ, Colors ಮೆನುವಿನಲ್ಲಿ Curves ತೆಗೆದು, ಗೆರೆಯ ನಡುವನ್ನು ಒಂದಿಷ್ಟು ಮೇಲಕ್ಕೋ ಕೆಳಕ್ಕೋ ಎಳೆಯಿರಿ. ಗಡಿಯ ಎರಡೂ ಕಡೆ ಗೋಡೆ ಒಂದೇ ಬಣ್ಣ ಬಂದಾಗ ನಿಲ್ಲಿಸಿ. 2025ರಲ್ಲಿ ಬಂದ ಜಿಂಪ್ 3.0 ಇದ್ದರೆ ಈ ಬದಲಾವಣೆಯನ್ನೂ ಆಮೇಲೆ ತಿದ್ದಬಹುದು, ಲೇಯರ್ ಸಾಲಿನಲ್ಲಿ Fx ಗುರುತಾಗಿ ಉಳಿಯುತ್ತದೆ. ಹಳೆಯ 2.10 ಇದ್ದರೆ ಅದು ಕಾಯಂ. ಹಾಗಾಗಿ ಅದರಲ್ಲಿ Shift+Ctrl+D ಒತ್ತಿ ಲೇಯರಿನ ನಕಲು ಮಾಡಿಟ್ಟುಕೊಂಡು, ಪಟ್ಟಿಯಲ್ಲಿ ಒಂದರ ಪಕ್ಕದ ಕಣ್ಣಿನ ಗುರುತು ಒತ್ತಿ ಅದನ್ನು ಮರೆಮಾಡಿ, ಇನ್ನೊಂದರ ಮೇಲೆ ಕೆಲಸ ಮಾಡಿ.

ಇನ್ನು ಬಾಟಲಿ. ಇದು ಎರಡು ಫೋಟೊದಲ್ಲೂ ಅದೇ ಜಾಗದಲ್ಲಿ ಬಿದ್ದಿದೆ. ಅದರ ಕೆಳಗಿನ ನೆಲ ನಮ್ಮ ಹತ್ತಿರ ಎಲ್ಲೂ ಇಲ್ಲ. ಈ ಮಾಸ್ಕ್ ಇಲ್ಲಿ ಏನೂ ಮಾಡಲಾರದು, ಅದಕ್ಕೆ ತೋರಿಸಲು ಬೇರೆ ಏನೂ ಇಲ್ಲವಲ್ಲ. ಹಾಗಾಗಿ ಪಕ್ಕದ ಹಾಸುಗಲ್ಲಿನಿಂದ ನಕಲು ತರಬೇಕು. ಆದರೆ ಇದನ್ನೂ ಫೋಟೊದ ಮೇಲೆ ಮಾಡುವುದಿಲ್ಲ. ಮೇಲಿನ ಲೇಯರ್ ಆರಿಸಿ Shift+Ctrl+N ಒತ್ತಿ, Fill with ಅನ್ನುವಲ್ಲಿ Transparency ಆರಿಸಿ. ಎಲ್ಲದರ ಮೇಲೆ ಒಂದು ಖಾಲಿ ಹಾಳೆ ಬರುತ್ತದೆ. ಅದಕ್ಕೆ "ಬಾಟಲಿ" ಅಂತ ಹೆಸರಿಡಿ.

C ಒತ್ತಿ ಕ್ಲೋನ್ ಟೂಲ್ ತೆಗೆದುಕೊಳ್ಳಿ. ಅದರ ಆಯ್ಕೆಗಳಲ್ಲಿ Sample merged ಗುರುತು ಹಾಕಿ. ಇದು ಮುಖ್ಯ. ಗುರುತು ಹಾಕದಿದ್ದರೆ ಟೂಲ್ ಆ ಖಾಲಿ ಹಾಳೆಯನ್ನೇ ನೋಡುತ್ತದೆ, ಖಾಲಿಯನ್ನೇ ತರುತ್ತದೆ. ಗುರುತು ಹಾಕಿದರೆ ಕಣ್ಣಿಗೆ ಕಾಣುವ ಎಲ್ಲ ಹಾಳೆಗಳನ್ನೂ ಸೇರಿಸಿ ನೋಡುತ್ತದೆ. Alignment ಅನ್ನುವಲ್ಲಿ Aligned ಇರಲಿ. ಈಗ ಎಲ್ಲಿಂದ ನಕಲು ತರಬೇಕೋ ಅಲ್ಲಿ Ctrl ಹಿಡಿದು ಒಮ್ಮೆ ಕ್ಲಿಕ್ ಮಾಡಿ, ಆಮೇಲೆ Ctrl ಬಿಟ್ಟು ಬಾಟಲಿಯ ಮೇಲೆ ಬಳಿಯಿರಿ.

ಹಾಸುಗಲ್ಲಿನಲ್ಲಿ ಕಷ್ಟ ಕಲ್ಲಿನದಲ್ಲ, ಕಲ್ಲುಗಳ ನಡುವಿನ ಸಂದಿನದು. ಕಲ್ಲಿನ ಮಧ್ಯದಿಂದ ತಂದರೆ ಸಂದು ಬಾಟಲಿಯ ಜಾಗಕ್ಕೆ ಬಂದು ಹಠಾತ್ತನೆ ನಿಂತುಹೋಗುತ್ತದೆ. ಹೀಗೆ ಮಾಡಿ: ಬಾಟಲಿಯ ಕೆಳಗೆ ಹಾದುಹೋಗುವ ಸಂದನ್ನು ಪಕ್ಕಕ್ಕೆ ಹಿಂಬಾಲಿಸಿ. ಬಾಟಲಿಯಿಂದ ಸ್ವಲ್ಪ ಆಚೆ ಅದೇ ಸಂದಿನ ಮೇಲೆ ಸರಿಯಾಗಿ Ctrl ಕ್ಲಿಕ್ ಮಾಡಿ. ಬಳಿಯಲು ಶುರು ಮಾಡುವುದೂ ಸಂದಿನ ಗೆರೆಯ ಮೇಲೆಯೇ, ಅದು ಬಾಟಲಿಯನ್ನು ಮುಟ್ಟುವ ಜಾಗದಿಂದ. ಮೊದಲು ಸಂದನ್ನು ಒಂದು ಎಳೆಯಾಗಿ ದಾಟಿಸಿ, ಆಮೇಲೆ ಮೇಲೂ ಕೆಳಗೂ ಕಲ್ಲಿನ ಮೈ ತುಂಬಿ. ಕಲ್ಲಿನ ಮೈಗೆ ಎರಡು ಮೂರು ಬೇರೆ ಬೇರೆ ಕಡೆಯಿಂದ ತನ್ನಿ. ಒಂದೇ ಕಡೆಯಿಂದ ತಂದರೆ ಅದೇ ಕಲೆ, ಅದೇ ಬಿರುಕು ಎರಡು ಸಲ ಕಾಣುತ್ತದೆ, ಅಷ್ಟು ಸಾಕು ಗುಟ್ಟು ಬಯಲಾಗಲು. ಬಾಟಲಿಯ ನೆರಳು, ಅದರ ಹೊಳಪು ನೆಲದ ಮೇಲೆ ಬಿದ್ದಿದ್ದರೆ ಅದನ್ನೂ ಮುಚ್ಚಿ.

ಕೆಲವರು ಇಲ್ಲಿ H ಒತ್ತಿ ಹೀಲ್ ಟೂಲ್ ಬಳಸಿ ಅನ್ನುತ್ತಾರೆ. ಅದು ಒಳ್ಳೆಯ ಟೂಲ್, ಆದರೆ ಅದು ತಾನು ಬಳಿಯುವ ಲೇಯರಿನಲ್ಲಿ ಇರುವ ಬಣ್ಣದ ಜೊತೆ ಬೆರೆಸಿ ಹೊಂದಿಸುವಂಥದ್ದು. ಖಾಲಿ ಹಾಳೆಯಲ್ಲಿ ಬೆರೆಸಲು ಏನೂ ಇರುವುದಿಲ್ಲ. ಅದು ಬೇಕೇ ಬೇಕು ಅಂದರೆ Layer ಮೆನುವಿನಲ್ಲಿ New from Visible ಒತ್ತಿ, ಈಗ ಕಾಣುತ್ತಿರುವುದೆಲ್ಲ ಸೇರಿದ ಒಂದು ಹೊಸ ಲೇಯರ್ ಮಾಡಿಕೊಂಡು ಅದರ ಮೇಲೆ ಹೀಲ್ ಹಾಕಿ. ಆಮೇಲೆ ಅದಕ್ಕೊಂದು ಕಪ್ಪು ಮಾಸ್ಕ್ ಹಾಕಿ, ಬಾಟಲಿಯ ಜಾಗದಲ್ಲಿ ಮಾತ್ರ ಬಿಳಿ ಬಳಿಯಿರಿ.

ಈಗ "ಬಾಟಲಿ" ಲೇಯರಿನ ಕಣ್ಣಿನ ಗುರುತು ಒತ್ತಿ ಮರೆಮಾಡಿ ನೋಡಿ, ಬಾಟಲಿ ವಾಪಸ್ ಬರುತ್ತದೆ. ಮತ್ತೆ ಒತ್ತಿ, ಹೋಗುತ್ತದೆ. "ಅವರು" ಲೇಯರಿನ ಕಣ್ಣು ಒತ್ತಿ ಮರೆಮಾಡಿ, ನಿಮ್ಮ ಮನೆಯವರು ಹೋಗಿ ಕೆಂಪು ಶರ್ಟಿನವರು ಬರುತ್ತಾರೆ. ಒಂದು ಎಚ್ಚರ ಇರಲಿ: "ಬಾಟಲಿ" ಹಾಳೆಯಲ್ಲಿರುವುದು ನೀವು ಬಳಿದ ಹೊತ್ತಿನ ನೆಲದ ನಕಲು. ಆಮೇಲೆ ಕೆಳಗಿನ ಲೇಯರ್ ಸರಿಸಿದರೆ, ಬೆಳಕು ಬದಲಿಸಿದರೆ, ಆ ತೇಪೆ ಬದಲಾಗುವುದಿಲ್ಲ, ಬೇರೆಯಾಗಿ ಎದ್ದು ಕಾಣುತ್ತದೆ. ಅದಕ್ಕೇ ಹೊಂದಿಸುವುದು, ಮಾಸ್ಕ್, ಬೆಳಕು ಎಲ್ಲ ಮುಗಿದ ಮೇಲೆ ಕ್ಲೋನ್ ಕೊನೆಗೆ.

ಮೆನುವಿನಲ್ಲಿ Apply Layer Mask ಅಂತ ಒಂದು ಇದೆ, ಅದನ್ನು ಮುಟ್ಟಬೇಡಿ. ಹೆಸರು ಕೇಳಿದರೆ ಕೆಲಸ ಮುಗಿದ ಮೇಲೆ ಒತ್ತಬೇಕೇನೋ ಅನ್ನಿಸುತ್ತದೆ. ಒತ್ತಿದರೆ ಮುಚ್ಚಿದ ಭಾಗವೆಲ್ಲ ನಿಜವಾಗಿ ಕತ್ತರಿಸಿ ಹೋಗುತ್ತದೆ, ಅಚ್ಚು ಮಾಯ. Image ಮೆನುವಿನ Flatten Image ಕೂಡ ಹಾಗೇ, ಎಲ್ಲ ಹಾಳೆಗಳನ್ನು ಒಂದು ಮಾಡಿಬಿಡುತ್ತದೆ. ಎರಡರ ಅಗತ್ಯವೂ ನಿಮಗಿಲ್ಲ.

ಕೊನೆಗೆ Ctrl+S ಒತ್ತಿ `.xcf` ಉಳಿಸಿ. ಅದು ಜೆಪಿಜಿಗಿಂತ ಎಷ್ಟೋ ಪಟ್ಟು ದೊಡ್ಡದಾಗಿರುತ್ತದೆ, ಎರಡು ಪೂರ್ತಿ ಫೋಟೊ ಮತ್ತು ಮಾಸ್ಕ್ ಅದರೊಳಗಿವೆಯಲ್ಲ. ಜಾಗ ಉಳಿಸಲು ಅದನ್ನು ಡಿಲೀಟ್ ಮಾಡಬೇಡಿ. ಧಾರವಾಡಕ್ಕೆ ಕಳಿಸಲು Shift+Ctrl+E ಒತ್ತಿ `shaniwarwada-4.jpg` ಅಂತ ಹೊಸ ಹೆಸರು ಕೊಟ್ಟು Export ಮಾಡಿ. Quality 90 ಅಂತ ಇರುತ್ತದೆ, ಅದು ಸಾಕು. ಅತ್ತೆ ಆ ಫೋಟೊಗೆ ಫ್ರೇಮ್ ಹಾಕಿಸುತ್ತೇನೆ ಅಂದರೆ ಈ ಫೈಲನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.